ಬೇಳೆ ಮಿಲ್‌ಗೆ ಮುಂಗಡ ಕೊಡುವ ಮುಂಚೆ: ಝಡ್ ಸ್ಕೋರ್ ಮತ್ತು ಕಾಮನ್-ಸೈಜ್ ಲೆಕ್ಕದ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಕಲಬುರಗಿಯ ಒಂದು ಪ್ಯಾಕಿಂಗ್ ಘಟಕದಲ್ಲಿ ಖರೀದಿ ನೋಡಿಕೊಳ್ಳುತ್ತೇನೆ. ಡಿಸೆಂಬರ್‌ನಲ್ಲಿ ಹೊಸ ತೊಗರಿ ಗಂಜ್‌ಗೆ ಬರತೊಡಗಿದ ಕೂಡಲೇ ಕಪನೂರು, ನಂದೂರು ಕಡೆಯ ಬೇಳೆ ಮಿಲ್‌ಗಳಿಂದ ಫೋನ್ ಬರುತ್ತದೆ: "ಮುಂಗಡ ಹಾಕ್ರಿ, ರೇಟ್ ಹಿಡಿದು ಕೊಡ್ತೀವಿ." ಕೆಲವು ವರ್ಷಗಳ ಹಿಂದೆ ಹೀಗೆ ಹಾಕಿದ 12 ಲಕ್ಷ ರೂಪಾಯಿ ಒಂದು ಮಿಲ್‌ನಲ್ಲಿ ಸಿಕ್ಕಿಬಿತ್ತು. ಬೇಳೆಯೂ ಬರಲಿಲ್ಲ, ಹಣವೂ ಪೂರ್ತಿ ಬರಲಿಲ್ಲ. ಅದಾದ ಮೇಲೆ ಈ ಲೆಕ್ಕ ಕಲಿತೆ. ನನ್ನ ಹಾಗೆ ಖರೀದಿ ಮಾಡುವವರು ನನ್ನನ್ನು ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಬರೆದಿದ್ದೇನೆ.

ಝಡ್ ಸ್ಕೋರ್ ಅಂದರೆ ಏನು?

ಒಂದು ಕಂಪನಿಯ ಲೆಕ್ಕಪತ್ರದಿಂದ ಕೆಲವು ಅನುಪಾತ ತೆಗೆದು, ಒಂದೊಂದಕ್ಕೂ ಒಂದು ತೂಕ ಕೊಟ್ಟು, ಕೂಡಿಸಿ ಬರುವ ಸಂಖ್ಯೆ. ನ್ಯೂಯಾರ್ಕ್ ವಿಶ್ವವಿದ್ಯಾಲಯದ ಎಡ್ವರ್ಡ್ ಆಲ್ಟ್‌ಮನ್ ಇದನ್ನು 1968ರಲ್ಲಿ ಪ್ರಕಟಿಸಿದರು. ದಿವಾಳಿಯಾದ 33 ಕಾರ್ಖಾನೆ ಕಂಪನಿಗಳನ್ನೂ ದಿವಾಳಿಯಾಗದ 33 ಕಂಪನಿಗಳನ್ನೂ ಎದುರುಬದುರು ಇಟ್ಟು, ಇವೆರಡನ್ನು ಬೇರೆ ಮಾಡಿ ತೋರಿಸುವ ಅನುಪಾತಗಳು ಯಾವುವು ಎಂದು ಹುಡುಕಿದರು. ಸಂಖ್ಯೆ ದೊಡ್ಡದಿದ್ದರೆ ಕಂಪನಿ ಗಟ್ಟಿ. ಚಿಕ್ಕದಿದ್ದರೆ ಹಣದ ಸಂಕಟ ಹತ್ತಿರ.

ಆ ಮೊದಲ ಸೂತ್ರಕ್ಕೆ ಷೇರು ಮಾರುಕಟ್ಟೆಯ ಬೆಲೆ ಬೇಕು. ನಮ್ಮ ಬೇಳೆ ಮಿಲ್‌ಗಳು ಷೇರುಪೇಟೆಯಲ್ಲಿ ಇಲ್ಲ, ಅಲ್ವಾ? ಹಾಗಾಗಿ ಅದು ನಮಗೆ ಉಪಯೋಗಕ್ಕೆ ಬರುವುದಿಲ್ಲ. ಆಲ್ಟ್‌ಮನ್ ಅವರೇ ಮುಂದೆ ಕೊಟ್ಟ ಎರಡು ರೂಪಗಳು ನಮಗೆ ಬೇಕಾದವು.

```
Z'  = 0.717 X1 + 0.847 X2 + 3.107 X3 + 0.420 X4 + 0.998 X5
Z'' = 6.56 X1 + 3.26 X2 + 6.72 X3 + 1.05 X4
```

X1 ಎಂದರೆ ದುಡಿಯುವ ಬಂಡವಾಳ, ಅಂದರೆ ಚಾಲ್ತಿ ಆಸ್ತಿಯಲ್ಲಿ ಚಾಲ್ತಿ ಬಾಕಿ ಕಳೆದು ಉಳಿಯುವುದು. X2 ಇದುವರೆಗೆ ಕೂಡಿಟ್ಟ ಲಾಭ. X3 ಬಡ್ಡಿ, ತೆರಿಗೆ ಕಳೆಯುವ ಮುಂಚಿನ ಲಾಭ. X5 ವರ್ಷದ ಮಾರಾಟ. ಈ ನಾಲ್ಕನ್ನೂ ಒಟ್ಟು ಆಸ್ತಿಯಿಂದ ಭಾಗಿಸಬೇಕು. X4 ಮಾತ್ರ ಬೇರೆ: ಮಾಲೀಕರ ಸ್ವಂತ ಬಂಡವಾಳವನ್ನು ಒಟ್ಟು ಸಾಲ-ಬಾಕಿಯಿಂದ ಭಾಗಿಸಬೇಕು.

Z' 2.9ಕ್ಕಿಂತ ಮೇಲಿದ್ದರೆ ಕಂಪನಿ ಸುರಕ್ಷಿತ, 1.23ಕ್ಕಿಂತ ಕೆಳಗಿದ್ದರೆ ಅಪಾಯ. Z''ನಲ್ಲಿ ಈ ಗಡಿಗಳು 2.6 ಮತ್ತು 1.1. ಎರಡು ಗಡಿಗಳ ನಡುವೆ ಇದ್ದರೆ ಏನೂ ಹೇಳಲಾಗದ ಜಾಗ.

ಕಾಮನ್-ಸೈಜ್ ಲೆಕ್ಕ ಅಂದರೆ?

ರೂಪಾಯಿಗಳನ್ನು ಪಕ್ಕಕ್ಕಿಟ್ಟು ಎಲ್ಲವನ್ನೂ ಶೇಕಡಾದಲ್ಲಿ ಬರೆಯುವುದು. ಲಾಭ-ನಷ್ಟದ ಪಟ್ಟಿಯಲ್ಲಿ ಮಾರಾಟವನ್ನು 100 ಎಂದು ಹಿಡಿದು, ತೊಗರಿಗೆ ಎಷ್ಟು ಹೋಯಿತು, ಕರೆಂಟು-ಹಮಾಲಿಗೆ ಎಷ್ಟು, ಬಡ್ಡಿಗೆ ಎಷ್ಟು ಎಂದು ನೋಡುತ್ತೇವೆ. ಬ್ಯಾಲೆನ್ಸ್ ಶೀಟ್‌ನಲ್ಲಿ ಒಟ್ಟು ಆಸ್ತಿಯೇ 100. ಹೀಗೆ ಮೂರು ವರ್ಷಗಳನ್ನು ಅಕ್ಕಪಕ್ಕ ಇಟ್ಟರೆ ಯಾವ ಸಾಲು ಉಬ್ಬುತ್ತಿದೆ, ಯಾವುದು ಕರಗುತ್ತಿದೆ ಎಂದು ಕಣ್ಣಿಗೇ ಕಾಣುತ್ತದೆ.

ಝಡ್ ಸ್ಕೋರ್ ಒಂದೇ ಸಾಲದೇ? ಯಾಕೆ ಎರಡೂ?

ಬೇಳೆ ಮಿಲ್ ವಿಷಯದಲ್ಲಿ ಸಾಲದು. ನನ್ನ 12 ಲಕ್ಷ ಸಿಕ್ಕಿಬಿದ್ದ ಮಿಲ್‌ನ Z' ಅನ್ನು ನಾನು ಆಮೇಲೆ ಲೆಕ್ಕ ಹಾಕಿ ನೋಡಿದೆ. ಮೂರಕ್ಕಿಂತ ಮೇಲೆಯೇ ಇತ್ತು. ಸೂತ್ರದ ಪ್ರಕಾರ ಅದು ಸುರಕ್ಷಿತ ಕಂಪನಿ!

ಕಾರಣ X5. ಬೇಳೆ ಮಿಲ್‌ನಲ್ಲಿ ಹಣ ಬೇಗ ತಿರುಗುತ್ತದೆ. ತೊಗರಿ ತರುತ್ತಾರೆ, ಒಡೆಯುತ್ತಾರೆ, ಮಾರುತ್ತಾರೆ, ಮತ್ತೆ ತರುತ್ತಾರೆ. 10 ಕೋಟಿ ಆಸ್ತಿಯ ಮೇಲೆ ವರ್ಷಕ್ಕೆ 40 ಕೋಟಿ ವ್ಯಾಪಾರ ಮಾಡಿದರೆ X5 ಒಂದೇ 4 ಆಗುತ್ತದೆ. ಉಳಿದ ನಾಲ್ಕೂ ಅನುಪಾತ ಸೊನ್ನೆಯಾದರೂ ಸ್ಕೋರ್ 2.9ರ ಗಡಿ ದಾಟಿ ನಿಲ್ಲುತ್ತದೆ. ಲಾಭ ಮಾತ್ರ ರೂಪಾಯಿಗೆ ಎರಡು ಮೂರು ಪೈಸೆ. ಹೀಗೆ ವ್ಯಾಪಾರದ ಭರಾಟೆ ಒಳಗಿನ ಕಾಯಿಲೆಯನ್ನು ಮುಚ್ಚಿಬಿಡುತ್ತದೆ. Z''ನಲ್ಲಿ X5 ಇಲ್ಲ. ಅದಕ್ಕೇ ಬೇಳೆ ಮಿಲ್, ಎಣ್ಣೆ ಮಿಲ್, ಹತ್ತಿ ಜಿನ್ನಿಂಗ್ ಇಂಥ ಕಡೆ ನಾನು Z'' ಅನ್ನೇ ನಂಬುತ್ತೇನೆ.

ಆದರೆ Z'' ಕೂಡ ಕಾಯಿಲೆ ಇದೆ ಎಂದಷ್ಟೇ ಹೇಳುತ್ತದೆ. ಎಲ್ಲಿದೆ ಎಂದು ಹೇಳುವುದು ಕಾಮನ್-ಸೈಜ್ ಪಟ್ಟಿ.

ಒಂದು ಉದಾಹರಣೆ ಪೂರ್ತಿ ಬಿಡಿಸಿ ತೋರಿಸುತ್ತೀರಾ?

ಒಂದು ಪ್ರೈವೇಟ್ ಲಿಮಿಟೆಡ್ ಬೇಳೆ ಮಿಲ್. ಹೆಸರು ಬೇಡ, ಲೆಕ್ಕ ಸುಲಭವಾಗಲಿ ಎಂದು ಅಂಕಿಗಳನ್ನೂ ಸರಿಹೊಂದಿಸಿದ್ದೇನೆ. ಮೂರು ವರ್ಷಗಳಲ್ಲಿ ಮಾರಾಟ 40 ಕೋಟಿಯಿಂದ 46 ಕೋಟಿಗೆ, ಅಲ್ಲಿಂದ 52 ಕೋಟಿಗೆ ಏರಿದೆ. ಮೂರು ವರ್ಷವೂ ಲಾಭವೇ. ಮಾಲೀಕರು ಅದನ್ನೇ ತೋರಿಸಿ, "ನೋಡು ತಮ್ಮಾ, ಪ್ರತಿ ವರ್ಷ ಬೆಳೀತಾ ಇದ್ದೀವಿ" ಎಂದರು.

ಮೂರನೇ ವರ್ಷದ ಅಂಕಿಗಳು, ಲಕ್ಷ ರೂಪಾಯಿಗಳಲ್ಲಿ: ಒಟ್ಟು ಆಸ್ತಿ 1600. ಚಾಲ್ತಿ ಆಸ್ತಿ 1200, ಚಾಲ್ತಿ ಬಾಕಿ 1176, ಹಾಗಾಗಿ ದುಡಿಯುವ ಬಂಡವಾಳ ಬರೀ 24. ಕೂಡಿಟ್ಟ ಲಾಭ 179. ಸ್ವಂತ ಬಂಡವಾಳ 329, ಒಟ್ಟು ಸಾಲ-ಬಾಕಿ 1271. ತೆರಿಗೆಗೆ ಮುಂಚಿನ ಲಾಭ 4, ಬಡ್ಡಿ 74. ಎರಡನ್ನೂ ಕೂಡಿಸಿದರೆ 78. ಸೂತ್ರಕ್ಕೆ ಬೇಕಾದ ಲಾಭ ಇದೇ.

```
X1 = 24 / 1600   = 0.015
X2 = 179 / 1600  = 0.112
X3 = 78 / 1600   = 0.049
X4 = 329 / 1271  = 0.259
X5 = 5200 / 1600 = 3.25
```

ಹೀಗೇ ಮೂರೂ ವರ್ಷಕ್ಕೆ ಮಾಡಿದರೆ Z' ಮೊದಲ ವರ್ಷ 4.76, ಎರಡನೇ ವರ್ಷ 4.23, ಮೂರನೇ ವರ್ಷ 3.61. ಇಳಿಯುತ್ತಿದೆ, ಆದರೂ 2.9ರ ಗಡಿಗಿಂತ ಆರಾಮಾಗಿ ಮೇಲಿದೆ. ಮೂರನೇ ವರ್ಷದ 3.61ರಲ್ಲಿ 3.24 ಮಾರಾಟ ಒಂದರಿಂದಲೇ ಬಂದದ್ದು. ಉಳಿದ ನಾಲ್ಕೂ ಸೇರಿ ಕೊಟ್ಟದ್ದು 0.37. ಮೊದಲ ವರ್ಷ ಅದೇ ನಾಲ್ಕು 0.77 ಕೊಟ್ಟಿದ್ದವು.

ಈಗ Z'' ನೋಡಿ: 2.53, 1.80, 1.06. ಸುರಕ್ಷಿತ ಗಡಿಯ ಹತ್ತಿರ ಇದ್ದ ಮಿಲ್ ಎರಡು ವರ್ಷದಲ್ಲಿ ಅಪಾಯದ ಗಡಿಯ ಕೆಳಗೆ ಬಂದಿದೆ. ಅದೇ ಮಿಲ್, ಅದೇ ಲೆಕ್ಕಪತ್ರ.

ಸರಿ, ಸ್ಕೋರ್ ಬಿತ್ತು. ಯಾಕೆ ಬಿತ್ತು ಎಂದು ಹೇಗೆ ತಿಳಿಯುವುದು?

ಇಲ್ಲಿ ಕಾಮನ್-ಸೈಜ್ ಪಟ್ಟಿ ತೆಗೆಯಬೇಕು. ಮುಖ್ಯ ಸಾಲುಗಳಷ್ಟೇ ಕೊಡುತ್ತೇನೆ.

| | 1ನೇ ವರ್ಷ | 2ನೇ ವರ್ಷ | 3ನೇ ವರ್ಷ |
|---|---|---|---|
| ಮಾರಾಟ = 100 | | | |
| ತೊಗರಿ ಖರ್ಚು | 90.5 | 91.5 | 92.2 |
| ಉಳಿದ ಖರ್ಚು | 6.5 | 6.4 | 6.3 |
| ಬಡ್ಡಿಗೆ ಮುಂಚಿನ ಲಾಭ | 3.0 | 2.1 | 1.5 |
| ಒಟ್ಟು ಆಸ್ತಿ = 100 | | | |
| ಗಿರಾಕಿಗಳಿಂದ ಬರಬೇಕಾದದ್ದು | 30.0 | 36.0 | 40.0 |
| ನಗದು, ಬ್ಯಾಂಕ್ ಶಿಲ್ಕು | 5.0 | 3.2 | 1.9 |
| ಬ್ಯಾಂಕಿನ ಸಿಸಿ ಸಾಲ | 38.0 | 37.6 | 38.8 |
| ಮಾಲು ಕೊಟ್ಟವರ ಬಾಕಿ | 18.0 | 24.8 | 31.9 |
| ಸ್ವಂತ ಬಂಡವಾಳ | 30.0 | 26.1 | 20.6 |

ನನ್ನ ಕಣ್ಣು ಮೊದಲು ಹೋಗುವುದು ಸಿಸಿ ಸಾಲ ಮತ್ತು ಮಾಲು ಕೊಟ್ಟವರ ಬಾಕಿ, ಈ ಎರಡು ಸಾಲುಗಳಿಗೆ. ಬ್ಯಾಂಕಿನ ಪಾಲು ಅಲ್ಲಾಡಿಲ್ಲ. ಅಂದರೆ ಬ್ಯಾಂಕು ಮಿಲ್ ಬೆಳೆದಷ್ಟೇ ಕೊಟ್ಟಿದೆ, ಅದಕ್ಕಿಂತ ಜಾಸ್ತಿ ಕೊಟ್ಟಿಲ್ಲ. ಹಾಗಾದರೆ ಸ್ವಂತ ಬಂಡವಾಳದ ಪಾಲು ಕರಗಿದ ಜಾಗವನ್ನು ತುಂಬಿದವರು ಯಾರು? ಗಂಜ್‌ನ ಅಡತಿ ವ್ಯಾಪಾರಿಗಳು. ಅವರ ಬಾಕಿ 18ರಿಂದ ಸುಮಾರು 32ಕ್ಕೆ ಏರಿದೆ. ದಿನದ ಲೆಕ್ಕದಲ್ಲಿ ಹೇಳಬೇಕೆಂದರೆ, ಮೊದಲ ವರ್ಷ ವರ್ಷಾಂತ್ಯದಲ್ಲಿ 18 ದಿನದ ತೊಗರಿ ಖರೀದಿಯ ಹಣ ಬಾಕಿ ಇತ್ತು, ಮೂರನೇ ವರ್ಷ 39 ದಿನದ್ದು.

ಇನ್ನೊಂದು ಕಡೆ ಗಿರಾಕಿಗಳಿಗೆ ಉದ್ರಿ ಹೆಚ್ಚಿದೆ. 27 ದಿನದ ಮಾರಾಟದ ಹಣ ಹೊರಗಿತ್ತು, ಈಗ 45 ದಿನದ್ದು. ಈಗ ಕತೆ ಪೂರ್ತಿ ಕಾಣುತ್ತದೆ. ಮಿಲ್‌ನವರು ಮಾರಾಟ ಹೆಚ್ಚಿಸಲು ಉದ್ರಿ ಕೊಟ್ಟಿದ್ದಾರೆ. ಲಾಭ ಬಿಟ್ಟು ರೇಟ್ ಇಳಿಸಿದ್ದಾರೆ. ಆ ಹಣ ಬಾರದೆ ಇದ್ದಾಗ ಅಡತಿಯವರನ್ನು ಕಾಯಿಸಿದ್ದಾರೆ. ಮೊದಲ ವರ್ಷ ಬಡ್ಡಿ ಕೊಟ್ಟು ಮೇಲೆ 70 ಲಕ್ಷ ಉಳಿಯುತ್ತಿತ್ತು. ಮೂರನೇ ವರ್ಷ 4 ಲಕ್ಷ. ಇನ್ನು ಒಂದು ದೊಡ್ಡ ಗಿರಾಕಿ ಕೈಕೊಟ್ಟರೆ ಸಾಕು.

ಈ ಹಂತದಲ್ಲಿ ನಮ್ಮಂಥವರ ಮುಂಗಡ ಹೋಗುವುದು ಹೊಸ ತೊಗರಿ ತರುವುದಕ್ಕಲ್ಲ. ಹಳೇ ಅಡತಿ ಬಾಕಿ ತೀರಿಸುವುದಕ್ಕೆ ಹೋಗುತ್ತದೆ. ನನ್ನ 12 ಲಕ್ಷ ಹೋದದ್ದು ಹಾಗೆಯೇ.

ತೊಗರಿ ರೇಟ್ ಏರಿದರೆ ತೊಗರಿ ಖರ್ಚಿನ ಶೇಕಡಾ ತಾನಾಗಿಯೇ ಏರುವುದಿಲ್ಲವೇ? ಅದನ್ನು ಕಾಯಿಲೆ ಎನ್ನಬಹುದೇ?

ತುಂಬ ಒಳ್ಳೆಯ ಪ್ರಶ್ನೆ. ನಾನೂ ಇದರಲ್ಲಿ ಒಮ್ಮೆ ಎಡವಿ, ಗಟ್ಟಿಯಾಗಿದ್ದ ಮಿಲ್ ಒಂದನ್ನು ಸುಮ್ನೆ ಬಿಟ್ಟುಬಿಟ್ಟಿದ್ದೇನೆ.

ಒಂದು ಕ್ವಿಂಟಾಲ್ ತೊಗರಿಯಿಂದ ಬರುವ ಬೇಳೆ, ನುಚ್ಚು, ಹೊಟ್ಟು ಎಲ್ಲ ಮಾರಿದರೆ ತೊಗರಿ ಬೆಲೆಯ ಮೇಲೆ 700 ರೂಪಾಯಿ ಸಿಗುತ್ತದೆ ಎಂದುಕೊಳ್ಳಿ. ತೊಗರಿ 7,000 ಇದ್ದಾಗ ಮಾರಾಟ 7,700, ತೊಗರಿ ಖರ್ಚು ಶೇ. 90.9. ತೊಗರಿ 10,000 ಆದಾಗ ಮಾರಾಟ 10,700, ತೊಗರಿ ಖರ್ಚು ಶೇ. 93.5. ಮಿಲ್‌ಗೆ ಸಿಗುವ 700 ಹಾಗೇ ಇದೆ, ಶೇಕಡಾ ಮಾತ್ರ ಹೆದರಿಸುತ್ತದೆ.

ಬೇರೆ ಮಾಡಿ ನೋಡುವ ದಾರಿ ಇದೆ: "ಉಳಿದ ಖರ್ಚು" ಸಾಲನ್ನು ನೋಡಿ. ಬರೀ ರೇಟ್ ಏರಿದ್ದರೆ ಹಮಾಲಿ, ಕರೆಂಟು, ಚೀಲದ ಖರ್ಚು ರೂಪಾಯಿಯಲ್ಲಿ ಹೆಚ್ಚು ಕಡಿಮೆ ಅಷ್ಟೇ ಇರುತ್ತದೆ, ಶೇಕಡಾದಲ್ಲಿ ಇಳಿಯುತ್ತದೆ. ಮೇಲಿನ ಮಿಲ್‌ನಲ್ಲಿ ಮೊದಲ ವರ್ಷ ಈ ಖರ್ಚು 260 ಲಕ್ಷ. ಮಾರಾಟ ರೇಟ್‌ನಿಂದಷ್ಟೇ 52 ಕೋಟಿಗೆ ಏರಿದ್ದರೆ ಅದು ಶೇ. 5ಕ್ಕೆ ಇಳಿಯಬೇಕಿತ್ತು. ಇಳಿದದ್ದು 6.3ಕ್ಕೆ ಮಾತ್ರ. ಅಂದರೆ ಬಹುಪಾಲು ಮಾಲೇ ಹೆಚ್ಚು ಓಡಿದೆ, ಮತ್ತು ಕ್ವಿಂಟಾಲಿಗೆ ಸಿಗುವ ಲಾಭ ನಿಜವಾಗಿಯೂ ತೆಳುವಾಗಿದೆ. ಅದೇ ವರ್ಷದ ಇನ್ನೊಂದು ಮಿಲ್‌ನ ಪಟ್ಟಿ ಪಕ್ಕಕ್ಕಿಟ್ಟು ನೋಡಿದರೆ ಇನ್ನೂ ಖಾತ್ರಿ.

ಲೆಕ್ಕಪತ್ರ ಎಲ್ಲಿ ಸಿಗುತ್ತದೆ? ಕೇಳಿದರೆ ಬೇಜಾರು ಮಾಡಿಕೊಳ್ಳುವುದಿಲ್ಲವೇ?

ಪ್ರೈವೇಟ್ ಲಿಮಿಟೆಡ್ ಆಗಿದ್ದರೆ ಕೇಳಲೇಬೇಕೆಂದಿಲ್ಲ. ಕಂಪನಿಗಳು ಪ್ರತಿ ವರ್ಷ AOC-4 ನಮೂನೆಯ ಜೊತೆ ಬ್ಯಾಲೆನ್ಸ್ ಶೀಟ್ ಸಲ್ಲಿಸಬೇಕು. ಕಾರ್ಪೊರೇಟ್ ವ್ಯವಹಾರಗಳ ಸಚಿವಾಲಯದ ಪೋರ್ಟಲ್‌ನಲ್ಲಿ ಸಣ್ಣ ಶುಲ್ಕ ಕಟ್ಟಿ ಯಾರು ಬೇಕಾದರೂ ಅದನ್ನು ನೋಡಬಹುದು. ಮೂರು ವರ್ಷದ್ದು ಇಳಿಸಿಕೊಳ್ಳಿ. ಸಲ್ಲಿಸಿಯೇ ಇಲ್ಲ ಎಂದರೆ ನನಗೆ ಅದೇ ಮೊದಲ ಎಚ್ಚರಿಕೆ.

ಇಳಿಸಿಕೊಂಡಾಗ ಹಿಂದಿನ ಟಿಪ್ಪಣಿಗಳನ್ನು ಬಿಡಬೇಡಿ. 2021-22ರಿಂದ ಕೊಡಬೇಕಾದ ಮತ್ತು ಬರಬೇಕಾದ ಬಾಕಿ ಎಷ್ಟು ಹಳೆಯದು ಎಂಬ ಪಟ್ಟಿಯನ್ನು ಕಂಪನಿಗಳು ಕೊಡಲೇಬೇಕು. ಒಂದು ವರ್ಷ ದಾಟಿದ ಗಿರಾಕಿ ಬಾಕಿ ಅಲ್ಲಿ ಇದ್ದರೆ, ನಾನು ಅದನ್ನು ಆಸ್ತಿಯಿಂದಲೂ ಸ್ವಂತ ಬಂಡವಾಳದಿಂದಲೂ ಕಳೆದು ಸ್ಕೋರ್ ಮತ್ತೆ ಹಾಕುತ್ತೇನೆ. ಬೇಳೆ ವ್ಯಾಪಾರದಲ್ಲಿ ವರ್ಷ ದಾಟಿದ ಉದ್ರಿ ವಾಪಸ್ ಬಂದದ್ದನ್ನು ನಾನು ಕಂಡದ್ದು ಬಹಳ ಕಡಿಮೆ.

ಪಾಲುದಾರಿಕೆ ಅಥವಾ ಒಬ್ಬರೇ ಮಾಲೀಕರ ಮಿಲ್ ಆಗಿದ್ದರೆ ಪೋರ್ಟಲ್‌ನಲ್ಲಿ ಏನೂ ಸಿಗುವುದಿಲ್ಲ, ಕೇಳಿಯೇ ಪಡೆಯಬೇಕು. "ಸಾಹುಕಾರ್ರೇ, ಮುಂಗಡ ಹಾಕಬೇಕಂದ್ರೆ ನಮ್ಮ ಆಡಿಟರ್ ಕೇಳ್ತಾರ್ರಿ" ಎಂದರೆ ಹೆಚ್ಚಿನವರು ಕೊಡುತ್ತಾರೆ. ಬ್ಯಾಂಕಿಗೆ ಕೊಟ್ಟ ಪ್ರತಿಯನ್ನೇ ಕೇಳಿ.

ಮಾರ್ಚ್ 31ರ ಲೆಕ್ಕವನ್ನು ಎಷ್ಟು ನಂಬಬಹುದು?

ಎರಡು ವಿಷಯ ನೆನಪಿಡಿ. ನಮ್ಮ ಕಡೆ ತೊಗರಿ ಡಿಸೆಂಬರ್‌ನಿಂದ ಬಂದು ಗೋದಾಮು ಸೇರಿರುತ್ತದೆ. ಹಾಗಾಗಿ ಮಾರ್ಚ್ ಅಂತ್ಯಕ್ಕೆ ದಾಸ್ತಾನು, ಸಿಸಿ ಸಾಲ ಎರಡೂ ತುಂಬಿ ನಿಂತಿರುತ್ತವೆ. ಅದು ಸಹಜ. ಮಾರ್ಚ್ ಅಂಕಿಯನ್ನು ಮಾರ್ಚ್ ಅಂಕಿಗೇ ಹೋಲಿಸಿ. ಯಾರೋ ಕೊಟ್ಟ ಸೆಪ್ಟೆಂಬರ್‌ನ ತಾತ್ಕಾಲಿಕ ಲೆಕ್ಕವನ್ನು ಅದರ ಪಕ್ಕ ಇಟ್ಟರೆ ಸಾಲ ಇಳಿದ ಹಾಗೆ ಸುಳ್ಳು ಸಮಾಧಾನ ಆಗುತ್ತದೆ.

ಎರಡನೆಯದು, ಈ ಲೆಕ್ಕ ತಡವಾಗಿ ಸಿಗುತ್ತದೆ. ವಾರ್ಷಿಕ ಸಭೆಗೆ ಸೆಪ್ಟೆಂಬರ್ ಅಂತ್ಯದವರೆಗೆ ಸಮಯ, ಆಮೇಲೆ ಸಲ್ಲಿಕೆಗೆ 30 ದಿನ. ನಮ್ಮ ಕೈಗೆ ಬರುವಾಗ ಅಕ್ಟೋಬರ್ ಮುಗಿದಿರುತ್ತದೆ. ಏಳು ತಿಂಗಳ ಹಳೇ ಚಿತ್ರ! ಅದಕ್ಕೇ ಸ್ಕೋರ್ ಹಾಕಿದ ಮೇಲೆ ನಾನು ಮಿಲ್‌ಗೆ ಹೋಗಿಯೇ ಹೋಗುತ್ತೇನೆ.

ಮೇಲಿನ ಮಿಲ್‌ಗೆ ಹೋದ ದಿನ ಅಂಗಳದಲ್ಲಿ ಗಂಜ್‌ನಿಂದ ಬಂದ ತೊಗರಿ ಲಾರಿ ನಿಂತಿತ್ತು. ಹಮಾಲರು ಕೊಕ್ಕೆ ಹಿಡಿದು ನೆರಳಲ್ಲಿ ಕೂತಿದ್ದರು. ಡ್ರೈವರ್ ಹಗ್ಗ ಬಿಚ್ಚಿರಲಿಲ್ಲ. ಯಾಕೆ ಎಂದು ಕೇಳಿದೆ. "ಅಡತಿಯವರು ಹೇಳ್ಯಾರ್ರಿ, ರೊಕ್ಕ ಬಂದ ಮೆಸೇಜ್ ಬರೋತನ ಚೀಲ ಇಳಸಬ್ಯಾಡ ಅಂತ" ಎಂದ. ಪಟ್ಟಿಯಲ್ಲಿ ನೋಡಿದ್ದ 39 ದಿನದ ಬಾಕಿ ಅಂದರೆ ಏನು ಎಂದು ಆ ಹಗ್ಗ ನೋಡಿದಾಗ ಅರ್ಥವಾಯಿತು. ಅಡತಿಯವರು ಉದ್ರಿ ನಿಲ್ಲಿಸಿದ್ದರು. ಇನ್ನು ಹಣ ಬರಬೇಕಾದದ್ದು ಗಿರಾಕಿಗಳ ಮುಂಗಡದಿಂದ ಮಾತ್ರ.

ಇಂಟರ್ನೆಟ್‌ನಲ್ಲಿ ಸಿಕ್ಕ ಎಕ್ಸೆಲ್ ಶೀಟ್‌ನಲ್ಲಿ ಇದೇ ಮಿಲ್‌ಗೆ 4.31 ಬಂತು. ಯಾವುದು ಸರಿ?

ಆ ಶೀಟ್‌ನಲ್ಲಿ Z''ಗೆ 3.25 ಕೂಡಿಸಿರುತ್ತಾರೆ. ಬೆಳೆಯುತ್ತಿರುವ ಮಾರುಕಟ್ಟೆಗಳಿಗೆ ಎಂದು ಮಾಡಿದ ರೂಪ ಅದು. 1.06ಕ್ಕೆ 3.25 ಕೂಡಿಸಿದರೆ 4.31. ಲೆಕ್ಕ ತಪ್ಪಲ್ಲ. ಆದರೆ ಅದಕ್ಕೆ ಗಡಿಗಳೂ ಅಷ್ಟೇ ಮೇಲೆ ಹೋಗಬೇಕು: 2.6 ಇದ್ದದ್ದು 5.85, 1.1 ಇದ್ದದ್ದು 4.35. ಹಾಗೆ ನೋಡಿದರೆ 4.31 ಕೂಡ ಅಪಾಯವೇ. ಹಳೇ ಗಡಿ ಇಟ್ಟುಕೊಂಡು ಹೊಸ ಸ್ಕೋರ್ ನೋಡಿದರೆ ಮುಳುಗುತ್ತಿರುವ ಮಿಲ್ ಕೂಡ ಸುರಕ್ಷಿತ ಎಂದೇ ಬರುತ್ತದೆ.

ನಿರ್ದೇಶಕರೇ ಕೊಟ್ಟ ಸಾಲವನ್ನು ಬಾಕಿ ಎನ್ನಬೇಕೋ, ಸ್ವಂತ ಬಂಡವಾಳ ಎನ್ನಬೇಕೋ?

ಮನೆತನದ ಕಂಪನಿಗಳಲ್ಲಿ ಇದು ಸಾಮಾನ್ಯ. ಬ್ಯಾಂಕ್ ಸಾಲ ತೀರುವವರೆಗೆ ಆ ಹಣ ತೆಗೆಯುವುದಿಲ್ಲ ಎಂದು ಬರೆದುಕೊಟ್ಟಿದ್ದರೆ ನಾನು ಸ್ವಂತ ಬಂಡವಾಳಕ್ಕೆ ಸೇರಿಸುತ್ತೇನೆ. ಇಲ್ಲದಿದ್ದರೆ ಬಾಕಿಯೇ. ಒಂದು ವರ್ಷದಲ್ಲಿ ನಿರ್ದೇಶಕರ ಸಾಲ ಜೋರಾಗಿ ಇಳಿದಿದ್ದರೆ, ಮನೆಯವರು ತಮ್ಮ ಹಣವನ್ನು ಮೊದಲು ಹೊರಗೆ ತೆಗೆದುಕೊಳ್ಳುತ್ತಿದ್ದಾರೆ ಎಂದು ಅರ್ಥ. ಅದನ್ನು ನಾನು ಸ್ಕೋರ್‌ಗಿಂತ ಗಂಭೀರವಾಗಿ ತೆಗೆದುಕೊಳ್ಳುತ್ತೇನೆ.

ಜಾಗ ಮಾರಿದ ಲಾಭ ಸೇರಿಸಬಹುದೇ?

ಬೇಡ. X3 ಹಾಕುವ ಮುಂಚೆ ತೆಗೆದುಬಿಡಿ. ಮುಂದಿನ ವರ್ಷ ಮಾರಲು ಇನ್ನೊಂದು ಜಾಗ ಇರುವುದಿಲ್ಲ.

Z'' 1.1ಕ್ಕಿಂತ ಕೆಳಗೆ ಬಂದರೆ ಆ ಮಿಲ್ ಮುಚ್ಚುತ್ತದೆ ಎಂದೇ ಅರ್ಥವೇ? ಸಂಬಂಧ ಕಡಿದುಕೊಳ್ಳಬೇಕೇ?

ಇಲ್ಲ. ಈ ತೂಕಗಳು ಅಮೆರಿಕದ ಕಂಪನಿಗಳ ಲೆಕ್ಕದಿಂದ ಬಂದವು, ಕಲಬುರಗಿಯ ಮಿಲ್‌ಗಳಿಂದಲ್ಲ. 1.06 ಮತ್ತು 1.15ರ ನಡುವೆ ನಾನು ವ್ಯತ್ಯಾಸ ಮಾಡುವುದಿಲ್ಲ. 2.53ರಿಂದ 1.06ಕ್ಕೆ ಬಂದ ಇಳಿಜಾರನ್ನು ನೋಡುತ್ತೇನೆ. ಮೂರು ವರ್ಷ 1.3ರಲ್ಲೇ ನಿಂತಿರುವ, ಬಾಕಿಯ ಸಾಲುಗಳು ಅಲ್ಲಾಡದ ಮಿಲ್ ಜೊತೆ ನಾನು ಧೈರ್ಯವಾಗಿ ವ್ಯಾಪಾರ ಮಾಡುತ್ತಿದ್ದೇನೆ.

ಇಳಿಜಾರಿನಲ್ಲಿರುವ ಮಿಲ್‌ನಿಂದಲೂ ಬೇಳೆ ಕೊಳ್ಳಬಹುದು. ಬದಲಾಗಬೇಕಾದದ್ದು ಹಣ ಕೊಡುವ ರೀತಿ. ಮೇಲಿನ ಮಿಲ್‌ಗೆ ನಾವು ಮುಂಗಡ ನಿಲ್ಲಿಸಿದೆವು. ಲೋಡ್ ನಮ್ಮ ವೇಬ್ರಿಡ್ಜ್ ಮೇಲೆ ತೂಕವಾಗಿ, ಸ್ಯಾಂಪಲ್ ಪಾಸಾದ ಮೇಲೆ ಅದೇ ದಿನ ಹಣ ಹಾಕಿದೆವು. ರೇಟ್ ಕ್ವಿಂಟಾಲಿಗೆ ಸ್ವಲ್ಪ ಜಾಸ್ತಿ ಬಿತ್ತು. ನಮ್ಮ ಒಟ್ಟು ಖರೀದಿಯಲ್ಲಿ ಅವರ ಪಾಲು ಕಡಿಮೆ ಮಾಡಿ, ಇನ್ನೊಂದು ಮಿಲ್ ಸೇರಿಸಿಕೊಂಡೆವು. ಮಾಲೀಕರಿಗೆ ಬೇಜಾರಾಯಿತು. ಆದರೂ ಅದೇ ದಿನ ಹಣ ಸಿಗುವ ಗಿರಾಕಿ ಅವರಿಗೂ ಬೇಕಿತ್ತು.

ಆಮೇಲೆ ಸ್ಕೋರ್ ಏರಿದರೆ ಮತ್ತೆ ಮುಂಗಡ ಕೊಡಬಹುದೇ?

ಯಾವ ಅನುಪಾತದಿಂದ ಏರಿತು ಎಂದು ನೋಡಿ. ಸಿಸಿ ಸಾಲದ ಒಂದು ಭಾಗವನ್ನು ಬ್ಯಾಂಕು ದೀರ್ಘಾವಧಿ ಸಾಲವಾಗಿ ಬದಲಿಸಿಕೊಟ್ಟರೆ X1 ಒಮ್ಮೆಲೇ ಏರುತ್ತದೆ. Z''ನಲ್ಲಿ ಅದರ ತೂಕ 6.56, ಹಾಗಾಗಿ ಸ್ಕೋರ್ ಚೆನ್ನಾಗಿ ಜಿಗಿಯುತ್ತದೆ. ಉಸಿರಾಡಲು ಸಮಯ ಸಿಕ್ಕಿದೆ ನಿಜ, ಸಾಲ ಮಾತ್ರ ಒಂದು ರೂಪಾಯಿಯೂ ಇಳಿದಿಲ್ಲ. X3 ಏರಿ, ಜೊತೆಗೆ ಗಿರಾಕಿ ಬಾಕಿಯ ಶೇಕಡಾ ಇಳಿದಿದ್ದರೆ ಅದು ಬೇರೆ ಮಾತು.

ಈ ಮಿಲ್‌ನವರು ನಾಲ್ಕನೇ ವರ್ಷ ಊರ ಹತ್ತಿರದ ಒಂದು ಪ್ಲಾಟ್ ಮಾರಿ ಆ ಹಣವನ್ನು ಷೇರು ಬಂಡವಾಳವಾಗಿ ಹಾಕಿದರು. ಅಡತಿ ಬಾಕಿ ತೀರಿಸಿದರು. ನಿಧಾನವಾಗಿ ಹಣ ಕೊಡುವ ಎರಡು ದೊಡ್ಡ ಗಿರಾಕಿಗಳನ್ನು ಬಿಟ್ಟರು. ಮಾರಾಟ ಇಳಿಯಿತು, ಬಡ್ಡಿಗೆ ಮುಂಚಿನ ಲಾಭದ ಶೇಕಡಾ ಮತ್ತೆ ಎರಡರ ಮೇಲೆ ಬಂತು. ಆ ಲೆಕ್ಕ ಕೈಗೆ ಬಂದ ಮೇಲೆ ಒಂದು ಲೋಡ್‌ನಷ್ಟು ಮುಂಗಡ ಕೊಟ್ಟೆವು. ಬೇಳೆ ಒಂಬತ್ತನೇ ದಿನ ಬಂತು. ಎರಡನೇ ಲೋಡ್‌ಗೆ ಮುಂಗಡ ಕೊಡಬೇಕೋ ಬೇಡವೋ ಎಂಬುದನ್ನು ಬರುವ ಮಾರ್ಚ್‌ನ ಪಟ್ಟಿ ನೋಡಿ ತೀರ್ಮಾನಿಸುತ್ತೇವೆ.